ಅತ್ತೆಯ ಹೆಸರು ಮೊದಲು

ಎಂಟು ನಿಮಿಷ ಅಂದರೆ ಎಷ್ಟು ಮಹಾ? ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೂ ಅಷ್ಟು ಹೊತ್ತು ಬೇಕು. ಆ ಎಂಟು ನಿಮಿಷಕ್ಕೆ ಸೊಸೆಯ ಏಳು ತಿಂಗಳ ಕಾಯುವಿಕೆ ನೀರಿನಲ್ಲಿ ಮಾಡಿದ ಹೋಮವಾಗುವ ಲಕ್ಷಣ ಕಾಣಿಸಿತು. ವಿಮಾನ ಹೊರಡುವುದು ಎಂಟು ನಲವತ್ತಕ್ಕೆ. ಬ್ಯಾಗು ಒಪ್ಪಿಸುವ ಕೌಂಟರು ಅದಕ್ಕೆ ಮುಕ್ಕಾಲು ಗಂಟೆ ಮೊದಲೇ, ಏಳು ಐವತ್ತೈದಕ್ಕೆ ಮುಚ್ಚುತ್ತದೆ. ಅತ್ತೆ ಸೊಸೆ ಇಬ್ಬರೂ ಏದುಸಿರು ಬಿಡುತ್ತ ಅಲ್ಲಿ ಬಂದು ನಿಂತಾಗ ಎಂಟು ಗಂಟೆ ಮೂರು ನಿಮಿಷ.

ಅವರು ಹೋಗಬೇಕಾಗಿದ್ದುದು ಬಂದರಿಗೆ. ಅತ್ತೆಯ ಮಗ, ಅಂದರೆ ಸೊಸೆಯ ಗಂಡ, ಸರಕು ಹಡಗಿನಲ್ಲಿ ಮೂರನೆಯ ಎಂಜಿನಿಯರು. ಮದುವೆಯಾಗಿ ಮೂರು ವರ್ಷ. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಎಂಟು ತಿಂಗಳು ದಾಟುವುದಿಲ್ಲ. ಈ ಸಲದ ಏಳು ತಿಂಗಳ ಕರಾರು ಇವತ್ತಿಗೆ ಮುಗಿಯುತ್ತಿತ್ತು. ಹಡಗು ಬೆಳಗಿನ ಜಾವ ಬಂದರಿಗೆ ಬಂದು, ಸಂಜೆ ಮತ್ತೆ ಹೊರಡುತ್ತದೆ. ಇನ್ನು ನಾಲ್ಕು ತಿಂಗಳು ಇರುವುದಾದರೆ ಬಡ್ತಿಗೆ ಶಿಫಾರಸು ಮಾಡುತ್ತೇನೆ ಅಂತ ಕ್ಯಾಪ್ಟನ್ ಹೇಳಿದ್ದ. ಇಳಿಯುವುದಾದರೆ ಬದಲಿ ಮನುಷ್ಯ ಆ ಊರಿನಲ್ಲೇ ತಯಾರಿದ್ದ. ಇರುತ್ತೀಯೋ ಇಳಿಯುತ್ತೀಯೋ ಎಂಬುದನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಹೇಳಿ ಸಹಿ ಹಾಕಬೇಕು. ಮನೆಯವರು ಹಡಗಿಗೆ ಹೋಗಿ ನೋಡಿ ಬರಲು ನಾಲ್ಕು ಗಂಟೆಯವರೆಗೆ ಪಾಸು ಕೊಟ್ಟಿದ್ದರು.

ಫೋನಿನಲ್ಲಿ ಸೊಸೆ ಎಷ್ಟು ಸಲ ಕೇಳಿದರೂ ಆ ಮಹಾರಾಯ "ಹ್ಞೂ, ನೋಡೋಣ" ಅನ್ನುತ್ತಿದ್ದ. ಅವನ 'ಹ್ಞೂ' ಇದೆಯಲ್ಲ, ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದರೆ ಮಾತ್ರ ತಪ್ಪಿಸಿಕೊಳ್ಳಲಾರ ಎಂಬುದು ಅವಳಿಗೆ ಗೊತ್ತಿತ್ತು. ಇಳಿದು ಮನೆಗೆ ಬನ್ನಿ ಎಂದು ಮುಖ ನೋಡಿ ಹೇಳಬೇಕು, ಎರಡು ಗಂಟೆಯೊಳಗೆ ಹೇಳಬೇಕು. ಅದಕ್ಕೇ ಈ ಪಯಣ.

ಅತ್ತೆಯ ಲೆಕ್ಕಾಚಾರವೇ ಬೇರೆ. ಅವರ ಯಜಮಾನರು ಮೂವತ್ತು ವರ್ಷ ಹಡಗಿನಲ್ಲಿ ದುಡಿದು, ಫಿಟ್ಟರಾಗಿ ಸೇರಿ ಫಿಟ್ಟರಾಗಿಯೇ ಕಣ್ಣು ಮುಚ್ಚಿದವರು. ಮಗ ಎರಡನೆಯ ಎಂಜಿನಿಯರಾಗುವುದನ್ನು ಕಣ್ಣಾರೆ ನೋಡಬೇಕು ಅಂತ ಅತ್ತೆ ಜಪ ಮಾಡುತ್ತಿದ್ದರು. "ಇನ್ನು ನಾಲ್ಕು ತಿಂಗಳು ಅಂದ್ರೆ ಕಣ್ಣು ಮುಚ್ಚಿ ಕಣ್ಣು ಬಿಡೋದ್ರೊಳಗೆ ಆಗ್ಹೋಗತ್ತೆ" ಅಂತ ಮನೆಯಲ್ಲಿ ಹತ್ತು ಸಲ ಹೇಳಿದ್ದರು. ಸೊಸೆ ಹತ್ತು ಸಲವೂ ಬಾಯಿಗೆ ಬೀಗ ಹಾಕಿಕೊಂಡು ಪಾತ್ರೆ ಉಜ್ಜಿದ್ದಳು.

ತಡವಾದದ್ದಕ್ಕೂ ಅತ್ತೆಯೇ ಕಾರಣ. ಯಜಮಾನರ ಸ್ಪ್ಯಾನರು, ಅರ, ಸುತ್ತಿಗೆಗಳನ್ನೆಲ್ಲ ದಪ್ಪ ಬಟ್ಟೆಯಲ್ಲಿ ಸುತ್ತಿ ಮಗನಿಗೆ ಕೊಡಬೇಕೆಂದು ಎತ್ತಿಟ್ಟಿದ್ದು, ಅದನ್ನೇ ಬಾಗಿಲ ಹಿಂದೆ ಮರೆತು ಬಂದಿದ್ದರು. ಅರ್ಧ ದಾರಿಯಲ್ಲಿ ನೆನಪಾಗಿ ಟ್ಯಾಕ್ಸಿ ತಿರುಗಿಸಬೇಕಾಯಿತು. ಕಬ್ಬಿಣದ ಸಾಮಾನು, ಕೈಯಲ್ಲಿ ಹಿಡಿದು ವಿಮಾನದೊಳಗೆ ಒಯ್ಯುವಂತಿಲ್ಲ. ಕೌಂಟರಿನಲ್ಲೇ ಒಪ್ಪಿಸಬೇಕು.

"ಬ್ಯಾಗ್ ತಗೊಳೋದು ಕ್ಲೋಸ್ ಆಯ್ತು ಮೇಡಂ," ಎಂದಳು ಕೌಂಟರಿನಾಕೆ. "ನಿಮ್ಮಿಬ್ರ ಬೋರ್ಡಿಂಗ್ ಪಾಸು ಫೋನಲ್ಲಿದೆಯಲ್ಲ? ಬ್ಯಾಗಿಲ್ದೆ ಹೋಗೋದಾದ್ರೆ ಈಗ್ಲೂ ಓಡಿ. ಗೇಟು ಮುಚ್ಚೋದು ಎಂಟು ಇಪ್ಪತ್ತಕ್ಕೆ."

"ಅತ್ತೆ, ಬ್ಯಾಗು ಇಲ್ಲೇ ಲಗೇಜ್ ರೂಮಲ್ಲಿ ಇಟ್ಟುಬಿಡೋಣ. ನಾಳೆ ತಗೊಂಡ್ರಾಯ್ತು. ಬನ್ನಿ, ಬನ್ನಿ."

"ಅವರ ಸಾಮಾನು ಬಿಟ್ಟು ನಾನು ಒಂದು ಹೆಜ್ಜೆ ಇಡಲ್ಲ. ನಿಂಗೆ ಅಷ್ಟು ಅವಸರ ಇದ್ರೆ ನೀನು ಹೋಗು ತಾಯಿ."

ಹೋಗಿಬಿಡಬೇಕಿತ್ತು ಅವಳು! ಆದರೆ ವಿಮಾನವನ್ನು ಹತ್ತಿರದಿಂದ ನೋಡಿಯೂ ಇಲ್ಲದ ಮುದುಕಿಯನ್ನು ಆ ಜಾತ್ರೆಯಂಥ ಜನಜಂಗುಳಿಯಲ್ಲಿ ಬಿಟ್ಟು ಹೋದರೆ, ಗಂಡನ ಮೊದಲ ಪ್ರಶ್ನೆ "ಅಮ್ಮ ಎಲ್ಲಿ?" ಅಂತಲೇ ಇರುತ್ತಿತ್ತು. ಅತ್ತೆಯನ್ನು ಒಲಿಸುವುದರಲ್ಲಿ, ಗದರಲಾರದೆ ಗದರುವುದರಲ್ಲಿ ಹತ್ತು ನಿಮಿಷ ಕಳೆಯಿತು. ಅತ್ತೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ತಪಾಸಣೆಯ ಸಾಲು ಬಾಗಿಲವರೆಗೆ ಬೆಳೆದಿತ್ತು. ಇನ್ನು ಓಡಿಯೂ ಪ್ರಯೋಜನವಿರಲಿಲ್ಲ.

ಸೊಸೆ ಮತ್ತೆ ಕೌಂಟರಿಗೆ ಬಂದು ಎರಡೂ ಕೈ ಊರಿದಳು. "ಮುಂದಿನ ವಿಮಾನಕ್ಕಾದ್ರೂ ಹಾಕಿ. ಎರಡು ಗಂಟೆಯೊಳಗೆ ನಾವು ಹಡಗು ಮುಟ್ಲೇಬೇಕು."

ಕೌಂಟರಿನಾಕೆ ಒಳ್ಳೆಯವಳು, ಆದರೆ ಮಾತು ಪಟಪಟ. "ವಿಮಾನ ಹೊರಡೋಕೆ ಮುಂಚೆನೇ ನೀವು ಇಲ್ಲಿಗೆ ಬಂದಿದ್ದೀರ, ಸ್ವಲ್ಪದ್ರಲ್ಲಿ ತಪ್ಪಿದೆ. ಅಂಥವ್ರಿಗೆ ನಮ್ಮ ಕಂಪನೀಲಿ ಹೊಸ ಟಿಕೆಟ್ ತಗೊಳ್ಳಿ ಅನ್ನಲ್ಲ. ಇವತ್ತಿನದೇ ಬೇರೆ ವಿಮಾನಕ್ಕೆ ಬದಲಾಯಿಸಿ ಕೊಡ್ತೀವಿ. ಹತ್ತು ಐವತ್ತರದ್ದು ಭರ್ತಿ. ಒಂದೂವರೆದೂ ಭರ್ತಿ. ಖಾತ್ರಿ ಸೀಟು ಇರೋದು ಸಂಜೆ ನಾಲ್ಕು ಹತ್ತರದ್ರಲ್ಲಿ."

"ಸಂಜೆದು ತಗೊಂಡು ನಾನೇನ್ ಮಾಡ್ಲಿ? ಹಡಗಿನ ಹೊಗೆ ನೋಡ್ಕೊಂಡು ಬರ್ಲಾ?"

"ಕೇಳಿ ಮೇಡಂ. ಸಂಜೆ ಸೀಟು ಕೈಯಲ್ಲಿರ್ಲಿ. ಅದ್ರ ಜೊತೆಗೆ ಮುಂಚಿನ ಎರಡಕ್ಕೂ ನಿಮ್ಮನ್ನ ಸ್ಟ್ಯಾಂಡ್‌ಬೈಗೆ ಹಾಕ್ತೀನಿ. ಅಂದ್ರೆ ಕಾಯೋರ ಪಟ್ಟಿ. ಟಿಕೆಟ್ ಇದ್ದೋರು ಯಾರಾದ್ರೂ ಬರ್ಲಿಲ್ಲ ಅಂದ್ರೆ, ಕೊನೇ ಗಳಿಗೇಲಿ ಆ ಸೀಟು ಪಟ್ಟೀಲಿರೋರಿಗೆ. ಸಿಗಬಹುದು, ಸಿಗದೇನೂ ಇರಬಹುದು. ಕೂಗಿದಾಗ ಗೇಟಲ್ಲೇ ಇರ್ಬೇಕು. ಇಲ್ಲಾಂದ್ರೆ ಮುಂದಿನೋರಿಗೆ ಹೋಗತ್ತೆ. ಬ್ಯಾಗೂ ಅಷ್ಟೆ, ನಿಮಗೆ ಸೀಟು ಸಿಕ್ರೆ ಮಾತ್ರ ವಿಮಾನಕ್ಕೆ ಏರತ್ತೆ. ಇಬ್ರೂ ಒಟ್ಟಿಗೇ ತಾನೆ?"

"ಮತ್ತೆ? ಒಟ್ಟಿಗೇ!" ಎಂದರು ಅತ್ತೆ, ಯಾರೋ ಸೊಸೆಯನ್ನು ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ ಅವಳ ತೋಳು ಹಿಡಿದು.

ಕೌಂಟರಿನಾಕೆ ಕೊಟ್ಟ ಚೀಟಿಗಳಲ್ಲಿ ಸೀಟಿನ ನಂಬರು ಇರಬೇಕಾದ ಜಾಗ ಖಾಲಿ ಇತ್ತು. ಸೊಸೆ ದಾರಿಯುದ್ದಕ್ಕೂ ಆ ಖಾಲಿ ಜಾಗವನ್ನೇ ನೋಡಿಕೊಂಡು ನಡೆದಳು.

ಗೇಟಿನ ಬಳಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಅತ್ತೆ ಒಂದರಲ್ಲಿ ಕಾಲು ಮಡಚಿ ಕೂತು ಕಣ್ಣು ಮುಚ್ಚಿದರು. ಸೊಸೆಗೆ ಕೂರಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ತಿರುಗಿದಳು. ಮೇಜಿನ ಮೇಲಿದ್ದ ತೆರೆಯಲ್ಲಿ ಕಾಯುವವರ ಪಟ್ಟಿ ಮೂಡುತ್ತಿತ್ತು. ಮೊದಲು ಯಾರೋ ಕಂಪನಿಯ ಕಾರ್ಡಿರುವ ಖಾಯಂ ಗಿರಾಕಿ. ಆಮೇಲೆ ಇವರಿಬ್ಬರು. ಇವರ ಕೆಳಗೆ ಇನ್ನೂ ಮೂವರು. ಅವರ ಟಿಕೆಟ್ಟು ಮಧ್ಯಾಹ್ನದ್ದಾದರೂ ಬೇಗ ಬಂದುಬಿಟ್ಟಿದ್ದೇವೆ, ಮುಂಚೆಯೇ ಹೋಗೋಣ ಅನ್ನುವವರು. ವಿಮಾನ ತಪ್ಪಿಸಿಕೊಂಡವರ ನಂತರ ಅವರ ಸರದಿ.

ಸೊಸೆ ಗಂಡನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಎಂಜಿನ್ ಕೋಣೆಗಿಳಿದರೆ ಅವನಿಗೆ ಲೋಕದ ಪರಿವೆ ಇರುವುದಿಲ್ಲ. 'ವಿಮಾನ ತಪ್ಪಿತು. ಬರ್ತಿದ್ದೀವಿ. ಸಹಿ ಹಾಕಬೇಡಿ' ಎಂದು ಬರೆದು ಕಳಿಸಿದಳು. ಅದನ್ನೂ ಅವನು ನೋಡಲಿಲ್ಲ.

ಹತ್ತು ಇಪ್ಪತ್ತಕ್ಕೆ ಸಾಲು ಕರಗುತ್ತ ಬಂತು. ಮೇಜಿನ ಹಿಂದೆ ದಪ್ಪ ಕನ್ನಡಕದ ಸಿಬ್ಬಂದಿ ನಿಂತಿದ್ದ. ಮೊದಲು ಕಾರ್ಡಿನ ಗಿರಾಕಿಯನ್ನು ಕೂಗಿ ಒಳಗೆ ಬಿಟ್ಟ. ಸೊಸೆ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದಳು. ಇನ್ನು ನಮ್ಮದೇ! ಕನ್ನಡಕದವನು ಮತ್ತೆ ಮೈಕು ಹಿಡಿದು ಯಾವುದೋ ಬೇರೆಯೇ ಹೆಸರು ಕೂಗಿದ. ಬ್ರೀಫ್‌ಕೇಸು ಹಿಡಿದಿದ್ದ ಒಬ್ಬಾತ ಇವರ ಪಕ್ಕದಿಂದಲೇ ನುಸುಳಿ, ಚೀಟಿ ತೋರಿಸಿ ಒಳಗೆ ಹೋದ.

"ಏನ್ ಸಾರ್ ಇದು ಅನ್ಯಾಯ?" ಸೊಸೆ ಮೇಜಿಗೆ ಧಾವಿಸಿದಳು. "ಅವ್ರು ನಮ್ಮ ಕೆಳಗಿದ್ರು! ನಾವೇನು ಕಂಬಗಳಾ ಇಲ್ಲಿ ನಿಂತಿರೋದು?"

"ಮೇಡಂ, ನೀವಿಬ್ರೂ ಒಂದೇ ಬುಕಿಂಗು. ಒಟ್ಟಿಗೇ ಬೇಕು ಅಂತ ಬರೆಸಿದ್ದೀರ. ಬಂದಿದ್ದು ಒಂದೇ ಸೀಟು. ಎರಡು ಬಂದ್ರೆ ನಿಮ್ದು. ಒಂದು ಬಂದ್ರೆ ನಿಮ್ಮನ್ನ ದಾಟಿ ಒಂಟಿಯಾಗಿರೋರಿಗೆ."

ಸೊಸೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಹಾಗಾದ್ರೆ ನಮ್ಮನ್ನ ಬೇರೆ ಬೇರೆ ಮಾಡಿ. ಈಗ್ಲೇ ಮಾಡಿ. ಯಾರಿಗೆ ಒಂದು ಸಿಕ್ರೂ ಹೋಗ್ತೀವಿ."

"ಮಾಡ್ತೀನಿ. ಒಂದರ ಹಿಂದೆ ಒಂದು ಬರತ್ತೆ. ಮೊದಲು ಯಾರ ಹೆಸರು?"

"ಅತ್ತೇದು ಮೊದಲು," ಎಂದಳು ಸೊಸೆ.

ಅಂದದ್ದು ನಾಲಿಗೆ, ಅವಳಲ್ಲ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆ ಅವಳು. ದಿನಕ್ಕೆ ಐವತ್ತು ಅರ್ಜಿ ತುಂಬಿಸುತ್ತಾಳೆ. ಮನೆಯ ಅರ್ಜಿಗಳನ್ನೂ ಅವಳೇ ತುಂಬುವುದು. ಗ್ಯಾಸಿನ ಅರ್ಜಿ, ಆಸ್ಪತ್ರೆಯ ಚೀಟಿ, ಮತದಾರರ ಪಟ್ಟಿ, ಕೊನೆಗೆ ಬೇರೆಯವರ ಮದುವೆಯ ಉಡುಗೊರೆಯ ಮೇಲೂ ಮೊದಲು ಹಿರಿಯರ ಹೆಸರು, ಆಮೇಲೆ ತನ್ನದು. ಮೂರು ವರ್ಷದಿಂದ ಅವಳ ಕೈಗೂ ಬಾಯಿಗೂ ಬೇರೆ ಕ್ರಮ ತಿಳಿಯದು. ಕನ್ನಡಕದವನು ಟಕಟಕ ಒತ್ತಿದ. ಪಟ್ಟಿಯಲ್ಲಿ ಅತ್ತೆ ಮೇಲೆ, ಸೊಸೆ ಕೆಳಗೆ.

ಅದಾಗಿ ಎರಡು ನಿಮಿಷಕ್ಕೆ ಅವನು ಅತ್ತೆಯ ಹೆಸರು ಕೂಗಿದ. "ಒಂದೇ ಸೀಟು. ಇದೇ ಕೊನೇದು. ಬನ್ನಿ ಅಮ್ಮ, ಬಾಗಿಲು ಮುಚ್ತೀವಿ."

ಸೊಸೆ ಮೇಜಿನ ಮೇಲೆ ಬಾಗಿದಳು. "ಸಾರ್, ಅವ್ರ ಬದಲು ನಾನು ಹೋಗಬಹುದಾ?"

"ಅವ್ರು ಬೇಡ ಅಂದ್ರೆ ಪಟ್ಟೀಲಿ ಮುಂದಿನೋರು ನೀವೇ. ಆದ್ರೆ ಬೇಡ ಅಂತ ಅವ್ರೇ ಹೇಳ್ಬೇಕು. ಒಂದು ನಿಮಿಷದಲ್ಲಿ ಹೇಳಿ, ಬ್ಯಾಗು ಬೇರೆ ಏರಿಸ್ಬೇಕು."

ಸೊಸೆ ಅತ್ತೆಯ ಕಡೆ ತಿರುಗಿದಳು. ಮೂರು ವರ್ಷದಲ್ಲಿ ಅವಳು ಅತ್ತೆಯಿಂದ ಏನನ್ನೂ ಕೇಳಿರಲಿಲ್ಲ, ಒಂದು ಸೀರೆಯನ್ನು ಕೂಡ. "ಅತ್ತೆ, ನಾನು ಹೋಗ್ತೀನಿ. ಈ ಸಲ ನಾನು ಹೋಗ್ಲೇಬೇಕು. ನೀವು ಒಂದೂವರೆದಕ್ಕೆ ಬನ್ನಿ. ಕೂಗಿದಾಗ ಕಳಿಸಿಕೊಡಿ ಅಂತ ಇವ್ರಿಗೇ ಹೇಳಿರ್ತೀನಿ."

ಅತ್ತೆ ಸೆರಗು ಸರಿಮಾಡಿಕೊಂಡರು. "ನಾನು ಹೋಗ್ತೀನಿ," ಎಂದರು. ಅಷ್ಟೆ. ಅದರಲ್ಲಿ ಮುನಿಸೂ ಇರಲಿಲ್ಲ, ಸಂಕೋಚವೂ ಇರಲಿಲ್ಲ.

"ಹಾಗಾದ್ರೆ ಒಂದು ಮಾತು ಅತ್ತೆ. ಸಹಿ ಹಾಕು ಅಂತ ಮಾತ್ರ ಅವ್ರಿಗೆ ಹೇಳ್ಬೇಡಿ. ನಾನು ಇಳೀರಿ ಅಂತ ಹೇಳೋಕೇ ಹೊರಟಿದ್ದು. ನಿಮಗೂ ಗೊತ್ತು."

"ಗೊತ್ತು. ನಾನೇನು ಕುರುಡೀನಾ? ಆದ್ರೆ ನನ್ನ ಮಗನಿಗೆ ನಾನು ಏನು ಹೇಳ್ಬೇಕು ಅಂತ ನಿನ್ನ ಅಪ್ಪಣೆ ಕೇಳ್ಬೇಕಾ?"

ಅತ್ತೆ ಹೊರಟೇಬಿಟ್ಟರು. ಎಂದೂ ವಿಮಾನ ಹತ್ತದ ಹೆಂಗಸು, ಮನೆಯ ಹಿತ್ತಿಲಿಗೆ ಹೋದಷ್ಟು ಸಲೀಸಾಗಿ ಗಾಜಿನ ಬಾಗಿಲು ದಾಟಿದರು. ತಿರುಗಿಯೂ ನೋಡಲಿಲ್ಲ. ಕನ್ನಡಕದವನು ಕೆಳಗೆ ಫೋನು ಮಾಡಿ ಬ್ಯಾಗು ಏರಿಸಲು ಹೇಳಿದ. ಬಾಗಿಲು ಮುಚ್ಚಿತು.

ಸೊಸೆ ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದು ಕೂತು, ಯಾರು ನೋಡಿದರೇನು ಅಂತ ಒಂದೆರಡು ನಿಮಿಷ ಅತ್ತಳು. ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ, ಅತ್ತೆ ಅತ್ತೆಯ ಹಾಗೇ ನಡೆದುಕೊಂಡರು. ಸಿಟ್ಟು ಬಂದದ್ದು ತನ್ನ ನಾಲಿಗೆಯ ಮೇಲೆ. 'ನಂದು ಮೊದಲು' ಅನ್ನುವುದಕ್ಕೆ ಏನು ಧಾಡಿಯಾಗಿತ್ತು? ಎರಡೇ ಪದ. ಹೇಳಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ?

ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದಳು. ಒಂದೂವರೆಯ ವಿಮಾನವೂ ಅದೇ ಗೇಟಿನಿಂದ. ಎರಡೂವರೆಗೆ ಇಳಿದು, ಹಡಗು ಮುಟ್ಟುವಾಗ ಮೂರೂವರೆ. ನಾಲ್ಕಕ್ಕೆ ಹೊರಗೆ ಹಾಕುತ್ತಾರೆ. ಅರ್ಧ ಗಂಟೆ ಗಂಡನ ಮುಖ ನೋಡಬಹುದು. ಆದರೆ ಸಹಿ ಎರಡು ಗಂಟೆಗೆ. ಆ ಹೊತ್ತಿನಲ್ಲಿ ಅವಳು ಮೋಡದ ಮೇಲಿರುತ್ತಾಳೆ. ಹಾಗಾದರೆ ಫೋನಿನಲ್ಲೇ ಹೇಳಬೇಕು, ವಿಮಾನ ಹತ್ತುವುದರೊಳಗೆ ಹೇಳಬೇಕು. ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಹನ್ನೊಂದರಿಂದ ಹನ್ನೆರಡರೊಳಗೆ ಹದಿನಾಲ್ಕು ಸಲ ಹಚ್ಚಿದಳು.

ಹನ್ನೆರಡೂಕಾಲಿಗೆ ಸುಮ್ಮನೆ ಮೇಜಿನ ಬಳಿ ಹೋದಳು. ಅಲ್ಲಿ ನಿಂತಿದ್ದ ಯುವ ದಂಪತಿಗಳ ಪೈಕಿ ಗಂಡನಾದವನು ಕಿಸೆಗೆ ಫೋನು ಸೇರಿಸುತ್ತ ಹೆಂಡತಿಗೆ, "ನೋಡಿದ್ಯಾ, ಸಂಜೆವರೆಗೆ ಕೊಳೀಬೇಕಿಲ್ಲ. ಎರಡು ಸೀಟು ಸಿಕ್ಕೇಬಿಡ್ತು," ಎನ್ನುತ್ತಿದ್ದ.

"ಇವ್ರಿಗೆ ಹೇಗೆ ಸಿಕ್ತು?" ಸೊಸೆ ಕನ್ನಡಕದವನನ್ನು ಕೇಳಿದಳು. "ಭರ್ತಿ ಅಂದ್ರಲ್ಲ? ಪಟ್ಟೀಲಿ ನಾನೇ ಮೊದಲಲ್ವಾ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಪಾಪ, ಬೆಳಗ್ಗೆಯಿಂದ ಇಂಥ ಮಾತು ಎಷ್ಟು ಕೇಳಿದ್ದನೋ. "ಪಟ್ಟಿ ಬೇರೆ ಮೇಡಂ, ಇದು ಬೇರೆ. ಯಾರೋ ಇಬ್ರು ಈಗ ಟಿಕೆಟ್ ರದ್ದು ಮಾಡಿದ್ರು. ರದ್ದಾದ ಸೀಟು ಮತ್ತೆ ಮಾರಾಟಕ್ಕೆ ಬರತ್ತೆ. ಸಂಜೆ ಟಿಕೆಟ್ ಇದ್ದೋರು ಬದಲಾವಣೆ ಶುಲ್ಕ ಕೊಟ್ಟು ಅದನ್ನ ಖಾತ್ರಿ ಮಾಡ್ಕೋಬಹುದು. ಯಾರು ಮೊದಲು ಒತ್ತುತ್ತಾರೋ ಅವ್ರದು. ಪಟ್ಟೀಲಿರೋರಿಗೆ ಸಿಗೋದು ಕೊನೇಗೆ ಬರದೇ ಹೋದೋರ ಸೀಟು ಮಾತ್ರ."

"ಅಂದ್ರೆ ನಾನೂ ಒತ್ತಬಹುದಿತ್ತು?"

"ಐದು ನಿಮಿಷ ಮುಂಚೆ ನೋಡಿದ್ರೆ ಒತ್ತಬಹುದಿತ್ತು. ಬೆಳಗ್ಗೆ ನಿಮಗೆ ಹೇಳೋವಾಗ ಸೀಟು ಇರ್ಲಿಲ್ಲ, ಅದಕ್ಕೇ ಹೇಳಿರಲ್ಲ."

ಐದು ನಿಮಿಷ, ಎಂಟು ನಿಮಿಷ! ಈ ಕಟ್ಟಡದೊಳಗೆ ಎಲ್ಲರ ಬಾಳೂ ನಿಮಿಷದ ಲೆಕ್ಕದಲ್ಲೇ ಹಾಳಾಗುವಂತೆ ಕಂಡಿತು ಅವಳಿಗೆ. ಅಲ್ಲಿಂದ ಮುಂದೆ ಒಂದು ಕಣ್ಣು ಸೀಟಿನ ಮೇಲೆ, ಒಂದು ಕಣ್ಣು ಗಂಡನ ಫೋನಿನ ಮೇಲೆ. ವಿಮಾನದ ಪುಟ ತೆರೆಯುವಳು, 'ಸೀಟುಗಳಿಲ್ಲ'. ಗಂಡನಿಗೆ ಹಚ್ಚುವಳು, ಎತ್ತುವುದಿಲ್ಲ. ಅತ್ತೆಗೆ ಹಚ್ಚುವಳು, ಸ್ವಿಚ್ಡ್ ಆಫ್. ಒಂದು ಗಂಟೆಯಾಯಿತು. ಅತ್ತೆ ಈಗ ಹಡಗಿನೊಳಗೆ ಕಾಲಿಟ್ಟಿರುತ್ತಾರೆ. ಅಪ್ಪನ ಸುತ್ತಿಗೆಯನ್ನು ಮಗನ ಕೈಗಿಟ್ಟು ಕಣ್ಣೀರು ಹಾಕಿರುತ್ತಾರೆ. ಇನ್ನೇನು ಉಳಿಯಿತು? ಅವನು ಹ್ಞೂ ಅಂದಿರುತ್ತಾನೆ. ಇನ್ನು ನಾಲ್ಕು ತಿಂಗಳು. ಆ ನಾಲ್ಕು ತಿಂಗಳ ಕೊನೆಗೆ ಇನ್ನೊಬ್ಬ ಕ್ಯಾಪ್ಟನ್, ಇನ್ನೊಂದು ಶಿಫಾರಸು.

ಒಂದು ಗಂಟೆ ಹತ್ತು ನಿಮಿಷಕ್ಕೆ ಫೋನು ಅದುರಿತು. ಅತ್ತೆ. ವಿಡಿಯೋ ಕರೆ. ತೆರೆಯ ತುಂಬ ಅತ್ತೆಯ ಹಣೆ ಮತ್ತು ಒಂದು ಕಿವಿ.

"ಎಲ್ಲಿದ್ದೀಯೇ? ಈ ಹಾಳು ಫೋನು ಆನ್ ಮಾಡೋದು ನಂಗೆ ಗೊತ್ತಾಗ್ದೆ, ಕೊನೇಗೆ ಇಲ್ಲಿ ಅಡುಗೆಯವರು ಯಾರೋ ಮಾಡಿಕೊಟ್ರು. ಸೀಟು ಸಿಕ್ತಾ?"

"ಇಲ್ಲ. ಅತ್ತೆ, ಅವ್ರು ಎಲ್ಲಿ? ಸಹಿ ಆಯ್ತಾ?"

"ಆಗಿಲ್ಲ. ಇಲ್ಲೇ ಇದಾನೆ. ನಾನು ಹೇಳೋದು ಹೇಳ್ದೆ. ಇರು ಅಂದೆ, ನಿಮ್ಮಪ್ಪ ಆಗದ್ದು ನೀನು ಆಗು ಅಂದೆ. ನಾನು ಮುಚ್ಚಿಡಲ್ಲ ನಿನ್ನ ಹತ್ರ. ಎಲ್ಲಾದಕ್ಕೂ ಹ್ಞೂ ಅಂತಾನೆ, ಗೂಬೆ. ಮೇಲೆ ಕರೀತಿದ್ದಾರಂತೆ, ಈಗ ಹೋಗ್ಬೇಕಂತೆ. ನಾನೇ ಕೈ ಹಿಡ್ಕೊಂಡು ನಿಲ್ಲಿಸಿದ್ದೀನಿ. ನನ್ನ ಮಾತು ಕೇಳಿದಾನೆ, ನಿನ್ನ ಮಾತು ಕೇಳ್ದೆ ಹೋದ್ರೆ ಅದು ಸರಿ ಅಲ್ಲ. ತಗೊ, ಮಾತಾಡು."

ತೆರೆ ಗಿರ್ರನೆ ತಿರುಗಿತು. ಗಂಡ. ಮುಖದ ತುಂಬ ಎಣ್ಣೆ ಮಸಿ, ಕೆನ್ನೆ ಒಳಗೆ ಹೋಗಿತ್ತು. ಏಳು ತಿಂಗಳಲ್ಲಿ ಅವನನ್ನು ಇಷ್ಟು ಬೆಳಕಿನಲ್ಲಿ ಅವಳು ನೋಡಿರಲಿಲ್ಲ.

"ಏನೇ, ಪಾಪ, ಅಲ್ಲೇ ಸಿಕ್ಕಿಹಾಕ್ಕೊಂಡ್ಯಾ?" ಎಂದ ಅವನು.

ಅವಳು ಬಾಯಿ ತೆರೆಯುವುದಕ್ಕೂ ಮೈಕು ಕರ್ರೆನ್ನುವುದಕ್ಕೂ ಸರಿಹೋಯಿತು. ಕನ್ನಡಕದವನು ಅವಳ ಹೆಸರನ್ನೇ, ಪೂರ್ತಿ ಹೆಸರನ್ನೇ ಕೂಗಿದ. ಕೂಗಿ, ಅವಳ ಕಡೆ ನೋಡಿ ಕೈ ಬೀಸಿ ನಕ್ಕ. ಬೆಳಗ್ಗೆಯಿಂದ ಅವಳ ಪಾಡು ನೋಡಿದವನಲ್ಲವೇ, ಅವನಿಗೂ ಖುಷಿಯಾಗಿತ್ತು.

"ನಿನ್ನ ಹೆಸರೇ ಕೂಗಿದ್ರಲ್ಲ!" ಗಂಡನ ಮುಖ ಅರಳಿತು. "ಸೀಟು ಸಿಕ್ತು ಕಣೇ! ಓಡು, ಓಡು. ಬಾ, ಬಂದ್ಮೇಲೆ ಎದುರಾ ಬದುರಾ ಕೂತು ಮಾತಾಡೋಣ."

ಸೊಸೆಯ ಕಾಲು ತಾನಾಗಿಯೇ ಎರಡು ಹೆಜ್ಜೆ ಇಟ್ಟಿತು. ಅಲ್ಲಿಗೆ ನಿಂತಿತು. ಅವನ ಮುಖ ಯಾಕೆ ಅರಳಿತು ಅಂತ ಅವಳಿಗೆ ಹೊಳೆಯಿತು. ಬಂದಮೇಲೆ ಮಾತಾಡೋಣ ಅಂದರೆ ಮೂರೂವರೆಗೆ ಮಾತಾಡೋಣ. ಎರಡು ಗಂಟೆಗೆ ಕಾಗದ ಮುಂದೆ ಬಂದಾಗ ಇವನು ಯಥಾಪ್ರಕಾರ ಹ್ಞೂ ಅಂದುಬಿಡುತ್ತಾನೆ. ಆಮೇಲೆ ಎದುರಿಗೆ ಕೂರಿಸಿಕೊಂಡು ಅವಳು ಅತ್ತರೂ ಅಷ್ಟೆ, ನಕ್ಕರೂ ಅಷ್ಟೆ. ವಿಮಾನಕ್ಕೆ ಬಸ್ಸಿನಲ್ಲಿ ಹೋಗಬೇಕು, ಬಸ್ಸು ಹೊರಗೆ ಗುರುಗುಟ್ಟುತ್ತಿತ್ತು. ನೂಕುನುಗ್ಗಲಿನಲ್ಲಿ 'ಕೇಳಿಸ್ತಿಲ್ಲ' ಅಂದು ಇವನು ಫೋನು ಇಟ್ಟರೆ ಅವಳು ಏನು ಮಾಡಬೇಕು?

"ನಾನು ಈಗ್ಲೇ ಮಾತಾಡ್ತೀನಿ," ಎಂದಳು.

"ಈಗ ಬೇಡ ಕಣೇ, ವಿಮಾನ ಹೋಗ್ಬಿಡತ್ತೆ."

"ಹೋಗ್ಲಿ."

ಮೈಕು ಎರಡನೆಯ ಸಲ ಕೂಗಿತು. ಕನ್ನಡಕದವನು ಈಗ ನಗುತ್ತಿರಲಿಲ್ಲ. "ಮೇಡಂ, ಬರ್ತೀರೋ ಇಲ್ವೋ? ಹಿಂದೆ ಜನ ಕಾಯ್ತಿದ್ದಾರೆ. ನಂಗೂ ಬಾಗಿಲು ಮುಚ್ಬೇಕು."

"ರೀ, ಕೇಳಿಸ್ಕೊಳ್ಳಿ," ಅವಳ ದನಿ ನಡುಗುತ್ತಿತ್ತು, ನಡುಗಲಿ ಅಂತ ಬಿಟ್ಟಳು. "ಮೂರು ವರ್ಷದಲ್ಲಿ ನಾನು ನಿಮಗೆ ಹೋಗ್ಬೇಡಿ ಅಂದಿಲ್ಲ. ನೀವು ಬ್ಯಾಗ್ ತೆಗೆದಾಗ ಬಟ್ಟೆ ಮಡಚಿ ಕೊಟ್ಟಿದ್ದೀನಿ. ಇವತ್ತು ಅಂತೀನಿ. ಇಳೀರಿ. ಬಡ್ತಿ ಇವತ್ತಲ್ಲ ನಾಳೆ ಬರತ್ತೆ, ಬರದಿದ್ರೆ ಬಿಡತ್ತೆ. ನನಗೆ ನೀವು ಬೇಕು. ಮನೇಲಿ ಬೇಕು. ರಾತ್ರಿ ಊಟಕ್ಕೆ ಎದುರಿಗೆ ಬೇಕು. ನನಗೆ ಒಬ್ಳೇ ಇದ್ದೂ ಇದ್ದೂ ಸಾಕಾಗಿದೆ."

"ಹ್ಞೂ..."

"ಹ್ಞೂ ಅನ್ಬೇಡಿ! ಇಳೀತೀನಿ ಅನ್ನಿ, ಇಲ್ಲಾ ಇಳಿಯಲ್ಲ ಅನ್ನಿ. ಎರಡರಲ್ಲಿ ಒಂದು ಬಾಯಲ್ಲಿ ಹೇಳಿ. ಅಲ್ಲಿವರೆಗೆ ನಾನು ಈ ಜಾಗ ಬಿಟ್ಟು ಅಲ್ಲಾಡಲ್ಲ."

"ಅಯ್ಯೋ, ಕೂಗ್ತಿದ್ದಾರಲ್ಲೇ..."

ಮೂರನೆಯ ಸಲ, ಕೊನೆಯ ಸಲ. ಸೊಸೆ ತೆರೆಯಿಂದ ಕಣ್ಣು ಕೀಳದೆ, ಮೇಜಿನ ಕಡೆ ಕೈ ಎತ್ತಿ ಅಲ್ಲಾಡಿಸಿದಳು. "ಬೇಡ ಸಾರ್. ಮುಂದಿನೋರಿಗೆ ಕೊಟ್ಬಿಡಿ."

ಕನ್ನಡಕದವನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಬೇರೆ ಹೆಸರು ಕೂಗಿದ. ಯಾರೋ ದಡದಡ ಓಡಿ ಬಂದು ಒಳಗೆ ಹೋದರು. ಬಾಗಿಲು ಮುಚ್ಚಿದ ಸದ್ದು ಫೋನಿನಾಚೆಗೂ ಕೇಳಿಸಿರಬೇಕು.

ಗಂಡ ಈ ಸಲ ಹ್ಞೂ ಅನ್ನಲಿಲ್ಲ. ಮುಖದ ಮಸಿಯನ್ನು ತೋಳಿನಿಂದ ಒರೆಸಿಕೊಂಡ, ಅದು ಇನ್ನಷ್ಟು ಹರಡಿತು. "ಬೆಳಗ್ಗೆಯಿಂದ ಕಾದು, ಸಿಕ್ಕಿದ ಸೀಟು ಬಿಟ್ಟುಬಿಟ್ಯಲ್ಲೇ," ಎಂದ.

"ಬಿಟ್ಟೆ. ನಾನು ಬರೋದು ಮುಗೀತು. ನೀವು ಬರ್ತೀರಾ?"

ಹಡಗಿನಲ್ಲಿ ಯಾರೋ ಅವನನ್ನು ಕೂಗಿದರು. ಅವನು ಆ ಕಡೆ ನೋಡಿದ, ಮತ್ತೆ ಈ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು.

"ಬರ್ತೀನಿ," ಎಂದ. "ಇಳೀತೀನಿ. ಈಗ್ಲೇ ಹೋಗಿ ಹೇಳ್ತೀನಿ. ನಾಳೆ ಅಮ್ಮನ್ನ ಕರ್ಕೊಂಡು ಮನೆಗೆ ಬರ್ತೀನಿ."

ಅವನು ಹೋದ. ಕಬ್ಬಿಣದ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಮೇಲಕ್ಕೆ ಹೋಗುತ್ತ ಕ್ಷೀಣವಾಯಿತು. ಫೋನು ಅತ್ತೆಯ ಕೈಗೆ ಬಂತು. ಮತ್ತೆ ಹಣೆ, ಒಂದು ಕಿವಿ.

ಮೇಜಿನಿಂದ ಕನ್ನಡಕದವನು ಬಂದು ಮೆಲ್ಲಗೆ ಕೇಳಿದ, "ಸಂಜೆ ಸೀಟು ಇನ್ನೂ ನಿಮ್ಮ ಹೆಸರಲ್ಲೇ ಇದೆ ಮೇಡಂ. ಇಟ್ಕೋತೀರಾ?"

"ಬೇಡ ಸಾರ್, ತೆಗೆದುಬಿಡಿ. ನಾನು ಮನೆಗೆ ಹೋಗ್ತೀನಿ," ಎಂದಳು ಸೊಸೆ. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ. ಆಮೇಲೆ ಫೋನಿನತ್ತ ಬಗ್ಗಿ, "ಅತ್ತೆ, ನಿಮಗೆ ಬೇಜಾರಾಯ್ತಾ?" ಎಂದು ಕೇಳಿದಳು.

"ಬೇಜಾರಾಗ್ದೆ ಇರತ್ತಾ? ಆಯ್ತು," ಎಂದರು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು. "ಮೂವತ್ತು ವರ್ಷ ಅವ್ರ ಪೆಟ್ಟಿಗೆ ಕಟ್ಟಿ ಕಳಿಸಿದೆ. ಬಾಗಿಲಲ್ಲಿ ನಿಂತು ಹುಷಾರು ಅಂತಿದ್ದೆ. ಹೋಗ್ಬೇಡಿ ಅಂತ ಒಂದು ಸಲಾನೂ ಅನ್ಲಿಲ್ಲ. ಅನ್ನಬಹುದು ಅಂತ್ಲೇ ನಂಗೆ ಗೊತ್ತಿರ್ಲಿಲ್ಲ ಕಣೇ."